ಕೆಬೆಕ್ ಕಥೆಯಲ್ಲಿ ‘ದೀನೆ’ ಅಂದರೆ ಯಾವ ಹೊತ್ತಿನ ಊಟ?

ಅನುವಾದದ ಹಾದಿ: ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕೆಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿ ನಡೆಯುವ ಫ್ರೆಂಚ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುಡುಗ ‘ದೀನೆ’ ಮುಗಿಸಿ ಮತ್ತೆ ಶಾಲೆಗೆ ಹೋಗುತ್ತಾನೆ. ನನ್ನ ನಿಘಂಟಿನಲ್ಲಿ ರಾತ್ರಿಯ ಊಟ ಅಂತಿದೆ. ರಾತ್ರಿ ಶಾಲೆ ಇತ್ತು ಅಂದುಕೊಳ್ಳಲೇ?

ಚಳಿನಾಡು: ಬೇಡ ಮೇಡಂ, ‘ಮಧ್ಯಾಹ್ನದ ಊಟ’ ಅಂತ ಬರೆಯಿರಿ. ಕೆಬೆಕ್‌ನಲ್ಲಿ ಬೆಳಗಿನ ತಿಂಡಿ ‘ದೆಜುನೆ’, ಮಧ್ಯಾಹ್ನದ್ದು ‘ದೀನೆ’, ಆಮೇಲಿನದು ‘ಸುಪೆ’. ಪ್ಯಾರಿಸ್‌ನಲ್ಲಿ ‘ದೆಜುನೆ’ ಮಧ್ಯಾಹ್ನಕ್ಕೆ, ‘ದೀನೆ’ ರಾತ್ರಿಗೆ ಜಾರಿದೆ. ಒಂದು ಕಡೆ ತಿದ್ದಿದರೆ ಸಾಲದು, ಕಥೆಯ ಎಲ್ಲ ಊಟಗಳನ್ನೂ ಮತ್ತೆ ನೋಡಿ.

ನೇರಮಾತು: ‘ಜಾರಿದೆ’ ಅಂದಿರಲ್ಲ, ಅದೇ ನೋಡಿ. ಕೆಬೆಕ್‌ನವರು ಭಾಷೆ ಕೆಡಿಸಿದ್ದಾರೆ. ನಾನು ಮೂರು ವರ್ಷ ಫ್ರೆಂಚ್ ಕಲಿತೆ, ಯಾರೂ ಹೀಗೆ ಹೇಳಿಕೊಡಲಿಲ್ಲ.

ಚಳಿನಾಡು: ಜಾರಿದ್ದು ಪ್ಯಾರಿಸ್, ಸರ್! ಹಿಂದೆ ಅಲ್ಲೂ ‘ದೀನೆ’ ಹಗಲಿನ ಊಟವೇ. ಉಣ್ಣುವ ಹೊತ್ತು ತಡವಾಗುತ್ತ ಹೋಯಿತು, ಹೆಸರೂ ಜೊತೆಗೇ ಹೋಯಿತು. ಕೆಬೆಕ್ ಹಳೆಯದನ್ನೇ ಉಳಿಸಿಕೊಂಡಿದೆ.

ನೇರಮಾತು: ಹಳೆಯದಾದರೆ ಸರಿಯಾಗಿಬಿಡುತ್ತಾ? ಕಾರಿಗೆ ‘ಶಾರ್’ ಅಂತಾರೆ. ಅದು ಬಂಡಿಯ ಹೆಸರು!

ಚಳಿನಾಡು: ಪ್ಯಾರಿಸ್‌ನವರು ‘ವೀಕೆಂಡ್’ ಅನ್ನುವುದು ಯಾವ ಫ್ರೆಂಚ್? ಕೆಬೆಕ್‌ನಲ್ಲಿ ‘ಫ್ಯಾನ್ ದ ಸೆಮೆನ್’ ಅಂತಾರೆ. ಇಮೇಲ್‌ಗೆ ಕೆಬೆಕ್‌ನವರು ಬಳಕೆಗೆ ತಂದ ‘ಕುರಿಯೆಲ್’ ಪದವನ್ನು 2003ರಲ್ಲಿ ಫ್ರಾನ್ಸ್ ಸರ್ಕಾರವೇ ಒಪ್ಪಿಕೊಂಡಿತು.

ನೇರಮಾತು: ಸರ್ಕಾರ ಒಪ್ಪಿದರೆ ಜನ ಒಪ್ಪಿದ ಹಾಗಾ? ಅಲ್ಲಿನ ಜನ ಈಗಲೂ ‘ಮೇಲ್’ ಅಂತಲೇ ಅನ್ನುತ್ತಾರೆ.

ಕಡಲತೀರ: ನಾನು ಸೆನೆಗಲ್‌ನ ಡಾಕಾರ್‌ನಲ್ಲಿ ಕೆಲಸ ಮಾಡಿದವನು. ಅಲ್ಲಿನ ಫ್ರೆಂಚ್‌ನಲ್ಲಿ ಪೆಟ್ರೋಲ್ ಬಂಕಿಗೆ ‘ಎಸಾನ್ಸರಿ’ ಅಂತಾರೆ, ಫ್ರಾನ್ಸ್‌ನಲ್ಲಿ ಬೇರೆ ಹೆಸರು. ಕನ್ನಡಕ್ಕೆ ತಂದರೆ ಎರಡೂ ಪೆಟ್ರೋಲ್ ಬಂಕೇ. ವ್ಯತ್ಯಾಸ ಕಾಣುವುದೇ ಇಲ್ಲ. ಸುಮ್ನೆ ಯಾಕೆ ಜಗಳ?

ಅಕ್ಷರಪ್ರೀತಿ: ‘ಕಾಣುವುದೇ ಇಲ್ಲ’ ಅನ್ನಬೇಡಿ ಅಣ್ಣ. ‘ದೆಪಾನರ್’ ಅಂದರೆ ಫ್ರಾನ್ಸ್‌ನಲ್ಲಿ ಕೆಟ್ಟು ನಿಂತ ಗಾಡಿ ರಿಪೇರಿಗೆ ಬರುವವನು, ಮಾಂಟ್ರಿಯಲ್‌ನಲ್ಲಿ ಬೀದಿ ಮೂಲೆಯ ಅಂಗಡಿ. ಇನ್ನು ‘ಬ್ಲೋಂಡ್’. ಕೆಬೆಕ್ ಹುಡುಗ ‘ನನ್ನ ಬ್ಲೋಂಡ್’ ಅಂದರೆ ಅವನ ಗೆಳತಿ, ಕೂದಲು ಯಾವ ಬಣ್ಣದ್ದಾದರೂ ಸರಿ. ನಾನೇ ಒಮ್ಮೆ ‘ಹೊಂಗೂದಲ ಹುಡುಗಿ’ ಅಂತ ಬರೆದೆ. ಎರಡು ಪುಟ ಕಳೆದ ಮೇಲೆ ಅವಳು ಕಪ್ಪು ಜಡೆ ಬಿಚ್ಚಿದಳು. ಆಗಲೇ ತಪ್ಪು ಗೊತ್ತಾಗಿದ್ದು.

ನೇರಮಾತು: ನೋಡಿ, ಕಪ್ಪು ಕೂದಲಿಗೂ ಬ್ಲೋಂಡ್! ಇದನ್ನು ಸರಿ ಅಂತ ನಾನು ಯಾವತ್ತೂ ಒಪ್ಪಲ್ಲ.

ಚಳಿನಾಡು: ನೀವು ಒಪ್ಪಬೇಕಿಲ್ಲ. ಕಥೆಯಲ್ಲಿ ಮಾತಾಡುವವರು ಅವರು, ನೀವಲ್ಲ.

ಅನುವಾದದ ಹಾದಿ: ಹುಡುಕಿದೆ, ಮುಂದೆ ‘ಸುಪೆ’ ಇದೆ. ಸಂಜೆ ಐದಕ್ಕೆ ಉಣ್ಣುತ್ತಾರೆ. ‘ರಾತ್ರಿ ಊಟ’ ಅನ್ನಲೇ?

ಚಳಿನಾಡು: ‘ಸಂಜೆಯ ಊಟ’ ಅನ್ನಿ. ಐದು ಗಂಟೆ ರಾತ್ರಿ ಹೇಗಾಗುತ್ತೆ?

ಅಕ್ಷರಪ್ರೀತಿ: ಬೇಡ. ಐದಕ್ಕೆ ಅಂದರೆ ನಮ್ಮ ಓದುಗರು ಕಾಫಿ ತಿಂಡಿ ಅಂದುಕೊಳ್ಳುತ್ತಾರೆ. ಅದು ಅವರ ದಿನದ ಕೊನೆಯ ಊಟ, ಅಲ್ವಾ? ‘ರಾತ್ರಿ ಊಟಕ್ಕೆ ಐದಕ್ಕೇ ಕೂತರು’ ಅಂತ ಬರೆಯಿರಿ.

ಚಳಿನಾಡು: ಆ ‘ಐದಕ್ಕೇ’ ಮೂಲದಲ್ಲಿ ಇಲ್ಲ. ಅವರಿಗೆ ಅದು ಬೇಗ ಅಲ್ಲವೇ ಅಲ್ಲ.