ಲೈನಲ್ಲಿ ಅರ್ಧ ಜನಕ್ಕೆ ಕತ್ತು ನೋವು, ಕೆಲ್ಸದಿಂದ್ಲೇ ಅಂತ ತೋರ್ಸೋದು ಹೇಗೆ?

ಕೆಂಗೇರಿ ಟೈಲರ್: ಮೈಸೂರು ರೋಡ್ ಕಡೆ ಶರ್ಟ್ ಫ್ಯಾಕ್ಟರಿಲಿ ಟೈಲರ್ ನಾನು, ಸೇಫ್ಟಿ ಕಮಿಟಿಲೂ ಇದೀನಿ. ನಮ್ ಲೈನಲ್ಲಿ ಅರ್ಧಕ್ಕರ್ಧ ಜನಕ್ಕೆ ಕತ್ತು, ಬೆನ್ನು ನೋವು. ಹೇಳಿದ್ರೆ "ಮನೇಲಿ ನೀರು ಹೊರ್ತೀರ, ವಯಸ್ಸಾಯ್ತು" ಅಂತಾರೆ. ಕೆಲ್ಸದಿಂದ್ಲೇ ಬಂದಿದ್ದು ಅಂತ ತೋರ್ಸೋಕೆ ದಾರಿ ಇದ್ಯಾ? ಕಡಿಮೆ ಖರ್ಚಲ್ಲಿ ಏನ್ ಬದಲಾಯಿಸ್ಬೋದು? ಮಾಡಿ ನೋಡಿರೋರು ಹೇಳಿ.

ವೈಟ್‌ಫೀಲ್ಡ್ ವಿನಯ್: ನಂದು ಗಾರ್ಮೆಂಟ್ಸ್ ಅಲ್ಲ, ಐಟಿ. ವರ್ಕ್ ಫ್ರಮ್ ಹೋಮಲ್ಲಿ ಇಡೀ ದಿನ ಲ್ಯಾಪ್‌ಟಾಪ್ ನೋಡಿ ನೋಡಿ ಕತ್ತು ಹಿಡ್ಕೊಂಡಿತ್ತು. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನ ಜೋಡಿಸಿ ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ತಂದೆ, ಕೀಬೋರ್ಡ್ ಮೌಸ್ ಬೇರೆ ತಗೊಂಡೆ, ತುಂಬಾ ವಾಸಿ ಆಯ್ತು. ನೀವೂ ಮೊದಲು ಒಳ್ಳೆ ಕುರ್ಚಿ ಕೇಳಿ, ಎತ್ತರ ಮಾಡ್ಸಿ. ಬೆನ್ನು ನೆಟ್ಟಗಾದ್ರೆ ಕತ್ತೂ ಸರಿಹೋಗುತ್ತೆ.

ಮದ್ದೂರು ರತ್ನ: ನಾನು ಕಾಲರ್ ಟಾಪ್ ಸ್ಟಿಚ್ ಮಾಡೋಳು. ನಮ್ಗೆ ಬೆನ್ನೊರಗು ಇಲ್ದಿರೋ ಸ್ಟೂಲು, ಬಂಡಲ್ ಎಡಗಡೆ ನೆಲದ ಮೇಲೆ, ಒಂದೊಂದ್ ಸಲನೂ ಬಗ್ಗಿ ತಿರುಗಿ ಎತ್ಕೋಬೇಕು. ಇನ್ನೊಂದು ಯಾರೂ ಹೇಳಲ್ಲ, ಕಣ್ಣು. ನಲವತ್ತು ದಾಟಿದ್ಮೇಲೆ ಕಪ್ಪು ಬಟ್ಟೆಗೆ ಕಪ್ಪು ದಾರ ಬಂತು ಅಂದ್ರೆ ಮುಖ ಸೂಜಿ ಹತ್ರಾನೇ ಹೋಗುತ್ತೆ, ಮೇಲಿರೋ ಟ್ಯೂಬ್‌ಲೈಟ್ ಬೆಳಕಿಗೆ ನಮ್ ತಲೆ ನೆರಳೇ ಅಡ್ಡ. ಓದೋ ಕನ್ನಡಕ ಹಾಕಿ, ಸೂಜಿ ಹತ್ರ ಸಣ್ಣ ಎಲ್‌ಇಡಿ ಹಾಕ್ಸ್ಕೊಂಡ ಮೇಲೆ ನನ್ ತಲೆ ತಾನಾಗೇ ಮೇಲೆ ಬಂತು. ನಿಮ್ ಲೈನಲ್ಲಿ ನೋವು ಅನ್ನೋರಿಗೆ ಸೂಜಿಗೆ ದಾರ ಪೋಣ್ಸೋಕೆ ಆಗುತ್ತಾ ಅಂತ ಮೊದಲು ಕೇಳಿ ಅಕ್ಕ.

ಐಇ ಮಂಜು: ಗಾರ್ಮೆಂಟ್ಸಲ್ಲಿ ಐಇ, ಅಂದ್ರೆ ಇಂಡಸ್ಟ್ರಿಯಲ್ ಇಂಜಿನಿಯರ್ ಆಗಿದ್ದೆ, ಈಗ ಎರ್ಗೊನಾಮಿಕ್ಸ್, ಅಂದ್ರೆ ಕೆಲಸದ ಜಾಗನ ಮೈಗೆ ಹೊಂದಿಸೋ ಕೆಲಸ ಮಾಡ್ತೀನಿ. ವಿನಯ್ ಅವ್ರು ಹೇಳಿದ್ದು ಆಫೀಸ್ ಟೇಬಲ್‌ಗೆ ಸರಿ, ಹೊಲಿಗೆ ಮಿಷನ್‌ಗೆ ಅರ್ಧ ಮಾತ್ರ ಸರಿ. ಇಲ್ಲಿ ನೋಡ್ಬೇಕಿರೋದು ಸ್ಕ್ರೀನ್ ಅಲ್ಲ ಸೂಜಿ, ಅದು ಟೇಬಲ್ ಮಟ್ಟದಲ್ಲೇ ಇರುತ್ತೆ. ಬರೀ ಸೀಟ್ ಎತ್ತರ ಮಾಡಿದ್ರೆ ಸೂಜಿ ಇನ್ನೂ ಕೆಳಗೆ ಹೋದಂಗೆ ಆಗಿ ಕತ್ತು ಜಾಸ್ತಿ ಬಗ್ಗುತ್ತೆ. ಟೇಬಲ್ಲೇ ಎತ್ತರ ಆಗ್ಬೇಕು.

ತೋರ್ಸೋದು ಹೇಗೆ ಅಂದ್ರೆ ಎರಡು ಕೆಲಸ ಮಾಡಿ. ಮೊದಲ್ನೇದು, ಮೈ ಚಿತ್ರ ಬರ್ದಿರೋ ಹಾಳೆ ಎಲ್ರಿಗೂ ಕೊಡಿ, ನೋವು ಅನ್ನೋರಿಗೆ ಮಾತ್ರ ಅಲ್ಲ, ಹೆಸರು ಬೇಡ, ಯಾವ ಆಪರೇಷನ್ ಅಂತ ಮಾತ್ರ ಬರೆಸಿ. ಬೆಳಗ್ಗೆ ಒಂದ್ಸಲ, ಶಿಫ್ಟ್ ಬಿಡುವಾಗ ಒಂದ್ಸಲ, ನೋಯೋ ಜಾಗಕ್ಕೆ ಗುರುತು ಹಾಕ್ಲಿ. ಸೋಮವಾರ ಒಂದ್ ದಿನ, ಶನಿವಾರ ಒಂದ್ ದಿನ ಮಾಡಿ. ಸಂಜೆಗೆ ಗುರುತು ಜಾಸ್ತಿ ಆಗಿ, ಭಾನುವಾರದ ರಜೆ ಆದ್ಮೇಲೆ ಕಮ್ಮಿ ಆಗಿದ್ರೆ, ಅದೂ ಕಾಲರ್, ಸ್ಲೀವ್ ಕೂತ್ಕೊಂಡು ಮಾಡೋರಲ್ಲಿ ಕತ್ತು, ನಿಂತು ಚೆಕ್ಕಿಂಗ್ ಮಾಡೋರಲ್ಲಿ ಸೊಂಟ, ಕಾಲು ಅಂತ ಬೇರೆ ಬೇರೆ ಕಂಡ್ರೆ, "ಮನೇಲಿ ನೀರು ಹೊರ್ತೀರ" ಅನ್ನೋಕಾಗಲ್ಲ. ನೀರು ಎಲ್ರೂ ಹೊರ್ತಾರಲ್ಲ.

ಎರಡ್ನೇದು ರೂಲಾ. ಕೆಲಸದ ಭಂಗಿ ಕತ್ತು, ಬೆನ್ನು, ಕೈಗೆ ಎಷ್ಟು ಕಷ್ಟ ಅಂತ ಅಂಕ ಹಾಕೋ, 1993ರಲ್ಲಿ ಬಂದ ಒಂದು ಹಾಳೆಯ ಲೆಕ್ಕ ಅಷ್ಟೇ. ಫೋನ್ ಭುಜದ ಮಟ್ಟದಲ್ಲಿ ಹಿಡ್ದು ಪಕ್ಕದಿಂದ ವಿಡಿಯೋ ಮಾಡಿ, ಆಪರೇಟರ್ ಒಪ್ಪಿಗೆ ತಗೊಂಡೇ ಮಾಡಿ, ಫ್ಲೋರಲ್ಲಿ ಫೋನ್ ಬಿಡಲ್ಲ ಅಂದ್ರೆ ಸೇಫ್ಟಿ ಆಫೀಸರ್ ಕೈಲೇ ಮಾಡ್ಸಿ. ಕ್ಯಾಮರಾ ಕಂಡ ತಕ್ಷಣ ಎಲ್ರೂ ನೆಟ್ಟಗೆ ಕೂರ್ತಾರೆ, ಅದಕ್ಕೆ ಊಟ ಆದ್ಮೇಲೆ, ಸ್ವಲ್ಪ ಹೊತ್ತು ವಿಡಿಯೋ ಓಡ್ಲಿಕ್ಕೆ ಬಿಟ್ಟು ಆಮೇಲಿನ ಭಾಗ ತಗೊಳ್ಳಿ. ಕತ್ತು 20 ಡಿಗ್ರಿಗಿಂತ ಜಾಸ್ತಿ ಬಗ್ಗಿದ್ರೆ 3 ಅಂಕ, ಬೆನ್ನು 20ರಿಂದ 60ರವರೆಗೆ ಬಗ್ಗಿದ್ರೆ 3, ಹೀಗೇ ಕೈಗೂ ಇದೆ. ಎಲ್ಲಾ ಹಾಳೇಲಿರೋ ಕೋಷ್ಟಕಕ್ಕೆ ಹಾಕಿದ್ರೆ ಕೊನೆಗೆ 1ರಿಂದ 7ರೊಳಗೆ ಒಂದ್ ನಂಬರ್ ಬರುತ್ತೆ. 5, 6 ಬಂದ್ರೆ ಬೇಗ ಬದಲಾಯಿಸ್ಬೇಕು, 7 ಬಂದ್ರೆ ತಕ್ಷಣ.

ನಾನು ನೋಡಿದ ಒಬ್ರು ಸ್ಲೀವ್ ಅಟ್ಯಾಚ್ ಆಪರೇಟರ್ ಕಥೆ ಹೇಳ್ತೀನಿ. ಕತ್ತು ಸುಮಾರು 30 ಡಿಗ್ರಿ, ಬೆನ್ನು 25. ಕತ್ತು ಬೆನ್ನು ಎರಡಕ್ಕೂ ಸೇರಿ ಕೋಷ್ಟಕದಲ್ಲಿ 4, ಒಂದೇ ಭಂಗಿಲಿ ಇರ್ತಾರೆ ಅಂತ ಒಂದು ಸೇರಿ 5. ಕೈ 3, ಅದಕ್ಕೂ ನಿಮಿಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಅದೇ ಚಲನೆ ಅಂತ ಒಂದು ಸೇರಿ 4. ಈ 5, 4 ಎರಡನ್ನೂ ಕೋಷ್ಟಕಕ್ಕೆ ಹಾಕಿದ್ರೆ ಕೊನೇ ನಂಬರ್ 5 ಬಂತು. ಅವ್ರು ಸೀಟಿನ ತುದೀಲಿ ಕೂರ್ತಿದ್ರು, ಸೂಪರ್‌ವೈಸರ್ ಅದನ್ನ ಅಭ್ಯಾಸ ಅಂತಿದ್ರು. ಕೆಳಗೆ ನೋಡಿದ್ರೆ ಪೆಡಲ್ ತೀರಾ ಮುಂದಕ್ಕಿತ್ತು, ಸ್ಟೂಲ್ ಹತ್ರ ಎಳ್ಕೊಂಡ್ರೆ ಮೊಣಕಾಲು ಟೇಬಲ್ ಅಡಿಗೆ ತಾಗ್ತಿತ್ತು, ಅದಕ್ಕೇ ದೂರ ಕೂತು ಮುಂದಕ್ಕೆ ಬಗ್ತಿದ್ರು. ಮೆಕ್ಯಾನಿಕ್ ಪೆಡಲ್ ಒಳಗೆ ಸರಿಸಿ, ಸ್ಟ್ಯಾಂಡ್ ಕಾಲಿನ ಬೋಲ್ಟ್ ಸಡಿಲ ಮಾಡಿ ಟೇಬಲ್‌ನ ಅವ್ರ ಮೊಣಕೈಗಿಂತ 5 ಸೆಂಟಿಮೀಟರ್ ಮೇಲೆ ತಂದ್ರು. ಟೇಬಲ್ ಎತ್ತಿದ್ರೆ ಪೆಡಲ್ ರಾಡೂ ಉದ್ದ ಮಾಡ್ಬೇಕು, ಅದನ್ನ ಮರೆತ್ರೆ ಪಾದ ಮೇಲಕ್ಕೆ ಹೋಗಿ ಮತ್ತೆ ಮೊಣಕಾಲು ತಾಗುತ್ತೆ. ಬಂಡಲ್‌ನ ನೆಲದಿಂದ ಟೇಬಲ್ ಎತ್ತರದ ಟ್ರಾಲಿಗೆ ತಂದ್ವಿ. ಆಮೇಲೆ ಕತ್ತು 20ರ ಒಳಗೆ, ಬೆನ್ನೂ 20ರ ಒಳಗೆ, ಕೊನೇ ನಂಬರ್ 3.

ಆ 3 ಯಾಕೆ ಇನ್ನೂ ಇಳೀಲಿಲ್ಲ ಅಂದ್ರೆ, ಕೈ ಅಂಕ, ಅದ್ರ ಜೊತೆ ಅದೇ ಚಲನೆ ಮತ್ತೆ ಮತ್ತೆ ಮಾಡೋ ಅಂಕ, ಎರಡೂ ಹಾಗೇ ಉಳ್ಕೊಳ್ತು. ಅದು ಟೇಬಲ್ ಎತ್ತಿದ್ರೆ ಹೋಗಲ್ಲ. ರೂಲಾ ಒಂದು ಕ್ಷಣದ ಫೋಟೋ ಥರ, ದಿನಕ್ಕೆ ಎಷ್ಟು ಗಂಟೆ ಹಾಗೆ ಕೂರ್ತಾರೆ, ಓಟಿ ಎಷ್ಟು ಅನ್ನೋದು ಅದ್ರಲ್ಲಿ ಬರಲ್ಲ. ಅದನ್ನ ಪಕ್ಕದಲ್ಲಿ ಬೇರೆ ಬರೀರಿ, ಇಲ್ದಿದ್ರೆ "3 ಬಂತಲ್ಲ, ಸಾಕು" ಅಂತಾರೆ.

ಹಾಸನ ಲೋಕೇಶ್: ನನಗೂ ಬೆನ್ನು ನೋವಿತ್ತು, ಡಿಸ್ಕ್ ಅಂದ್ರು. ಸೊಂಟಕ್ಕೆ ಬೆಲ್ಟ್ ಹಾಕ್ಕೊಳ್ಳಿ, ಹತ್ತಿ ಹಾಸಿಗೆ ಮೇಲೆ ಮಲಗಿ, ಎಲ್ಲಾ ಹೋಗುತ್ತೆ. ಯಾವ ಎಣ್ಣೆ ಒಳ್ಳೇದು ಅಂತ ಗೊತ್ತಿದ್ರೆ ನೀವೂ ಹೇಳಿ.

ಫಿಸಿಯೋ ಅನಿತಾ: ಲೋಕೇಶ್ ಅಣ್ಣ, ಬೆಲ್ಟ್ ಕತ್ತಿಗೆ ಏನೂ ಮಾಡಲ್ಲ, ಬೆನ್ನು ನೋವು ಬರದಿರ್ಲಿ ಅಂತ ದಿನಾ ಹಾಕ್ಕೊಂಡ್ರೂ ಲಾಭ ಇಲ್ಲ. ಕೆಂಗೇರಿ ಅಕ್ಕ, ನಿಮ್ಮ ಹಾಳೇಲಿ ಯಾರಾದ್ರೂ ಕೈಬೆರಳು ಜೋಮು, ಕತ್ತರಿ ಹಿಡಿಯೋಕೆ ಶಕ್ತಿ ಇಲ್ಲ ಅಂತ ಬರೆದ್ರೆ ಅವ್ರನ್ನ ಸರ್ವೆ ಮುಗಿಯೋವರೆಗೂ ಕಾಯಿಸ್ಬೇಡಿ, ಇಎಸ್‌ಐಗೆ ಕಳ್ಸಿ. ಬೆನ್ನು ನೋವಿನ ಜೊತೆ ಕೂರೋ ಜಾಗದಲ್ಲಿ ಮರಗಟ್ಟೋದು, ಮೂತ್ರ ಹಿಡಿತ ತಪ್ಪೋದು ಆದ್ರೆ ಅದೇ ದಿನ ಆಸ್ಪತ್ರೆ. ಇಎಸ್‌ಐಲಿ ಚೀಟಿ ಬರೆಸ್ವಾಗ "ಕತ್ತು ನೋವು" ಅಂತಷ್ಟೇ ಬೇಡ, ಎಷ್ಟು ವರ್ಷದಿಂದ ಯಾವ ಆಪರೇಷನ್ ಅಂತಾನೂ ಹೇಳಿ ಬರೆಸಿ, ಮುಂದೆ ಕೆಲಸ ಬದಲಾಯ್ಸಿ ಅಂತ ಕೇಳೋಕೆ ಅದೇ ಕಾಗದ ಬೇಕಾಗುತ್ತೆ.

ಮಿಷನ್ ಮೆಕ್ಯಾನಿಕ್ ಪೀಣ್ಯ: ಮಂಜು ಸರ್, ಟೇಬಲ್ ಎತ್ತೋದು ಸರಿ. ಕೆಲವರು ಟೇಬಲ್ ಹಿಂದಿನ ಕಾಲಿನಡಿ ಮರದ ತುಂಡು ಇಟ್ಟು ಆಪರೇಟರ್ ಕಡೆ 10 ಡಿಗ್ರಿ ಓರೆ ಮಾಡಿ ಅಂತಾರಲ್ಲ, ಕೆಳಗೆ ಎಣ್ಣೆ ಪ್ಯಾನ್ ಇರೋ ಮಿಷನ್‌ಗೆ ಎಣ್ಣೆ ಒಂದ್ ಕಡೆ ನಿಲ್ಲುತ್ತೆ, ಪಂಪ್ ಸರಿ ಎಳೆಯಲ್ಲ, ಬಟ್ಟೆ ಕಲೆ ಆದ್ರೆ ಬೈಸ್ಕೊಳ್ಳೋರು ನಾವೇ.

ಐಇ ಮಂಜು: ಓರೆ ಮಾಡಿದ್ರೆ ಸೂಜಿ ಚೆನ್ನಾಗಿ ಕಾಣುತ್ತೆ, ಕತ್ತಿಗೆ ಒಳ್ಳೇದೇ. ಆದ್ರೆ ನೀವು ಹೇಳಿದ್ದು ನಿಜ, ಎಣ್ಣೆ ಪ್ಯಾನ್ ಮಿಷನ್‌ಗೆ ನಾನೂ ಮಾಡ್ಸಲ್ಲ. ಎಣ್ಣೆ ಪ್ಯಾನ್ ಇಲ್ದಿರೋ ಡ್ರೈ ಹೆಡ್ ಮಿಷನ್ ಇದ್ರೆ ಒಂದ್ ಮಿಷನಲ್ಲಿ ಮಾಡಿ ನೋಡಿ, ಬಿಡಿ ಪೀಸು ಜಾರಿ ಮಡಿಲಿಗೆ ಬೀಳದ ಹಾಗೆ ಅಂಚಿಗೆ ಪಟ್ಟಿ ಹಾಕಿ.

ಮದ್ದೂರು ರತ್ನ: ಇದೆಲ್ಲಾ ಸರಿ ಅಣ್ಣ, ಆ ಮತ್ತೆ ಮತ್ತೆ ಮಾಡೋ ಅಂಕ ಇಳ್ಸೋದು ಹೇಗೆ? ನಮ್ಮಲ್ಲಿ ರೊಟೇಷನ್ ಅಂತ ಕಾಲರ್‌ನಿಂದ ಕಫ್‌ಗೆ ಹಾಕಿದ್ರು, ಅಲ್ಲೂ ಅದೇ ಬಗ್ಗೋದು, ಅದೇ ಕೈ. ಅದ್ರ ಮೇಲೆ ಹೊಸ ಆಪರೇಷನಲ್ಲಿ ಟಾರ್ಗೆಟ್ ಬರ್ಲಿಲ್ಲ ಅಂತ ಇನ್ಸೆಂಟಿವ್ ಹೋಯ್ತು, ಆಮೇಲೆ ಯಾರೂ ರೊಟೇಷನ್‌ಗೆ ಒಪ್ಲಿಲ್ಲ.

ಐಇ ಮಂಜು: ಕೂತು ಮಾಡೋದ್ರಿಂದ ನಿಂತು ಮಾಡೋದಕ್ಕೆ ಬದಲಾದ್ರೆ ಮಾತ್ರ ಅದು ರೊಟೇಷನ್, ಕಾಲರ್‌ನಿಂದ ಟ್ರಿಮ್ಮಿಂಗ್, ಚೆಕ್ಕಿಂಗ್ ಥರ. ಇನ್ಸೆಂಟಿವ್ ವಿಷಯ ಐಇ ಒಬ್ಬನೇ ತೀರ್ಮಾನ ಮಾಡೋದಲ್ಲ ಅಕ್ಕ. ಟಾರ್ಗೆಟ್ ಲೆಕ್ಕ ಹಾಕುವಾಗ ಆಯಾಸಕ್ಕೆ ಅಂತ ಅಲೋವೆನ್ಸ್, ಅಂದ್ರೆ ಸ್ವಲ್ಪ ಹೆಚ್ಚು ಸಮಯ ಸೇರಿಸ್ಬೇಕು. ನಿಮ್ ಲೈನ್ ಟಾರ್ಗೆಟಲ್ಲಿ ಅದು ಎಷ್ಟಿದೆ ಅಂತ ಕಮಿಟಿ ಮೀಟಿಂಗಲ್ಲಿ ಕೇಳಿ, ಉತ್ತರ ಮಿನಿಟ್ಸಲ್ಲಿ ಬರೆಸಿ.