‘ಆಲು’ ಅಂದ್ರೆ ನಗ್ತಾರೆ, ಮಗಳು ಮಾತೇ ಬಿಟ್ಟಿದ್ದಾಳೆ

ಪ್ರಶ್ನೆ (ಚನ್ನರಾಯಪಟ್ಟಣ ಕಡೆಯ ತಾಯಿ): ಮೇಡಂ, ಮಗಳಿಗೆ 12 ವರ್ಷ, ಊರಿನ ಶಾಲೇಲೇ 7ನೇ ಕ್ಲಾಸು. ಬೇಸಿಗೆ ರಜಕ್ಕೆ ಬೆಂಗಳೂರಿಂದ ನಮ್ಮಣ್ಣನ ಮಕ್ಕಳು ಬಂದಿದ್ರು. ಇವಳು ಹಾಲಿಗೆ ‘ಆಲು’, ಹಸುಗೆ ‘ಅಸ’ ಅಂತಾಳೆ ಅಂತ ಅಣಕಿಸಿ, ವಿಡಿಯೊ ಮಾಡಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ದೊಡ್ಡವರೆಲ್ಲ ನಕ್ಕರು, ನಾನೂ ನಕ್ಕೆ. ಈಗ ಮಾವನ ಫೋನ್ ಬಂದ್ರೆ ಎದ್ದು ಹಿತ್ಲಿಗೆ ಹೋಗ್ತಾಳೆ. ಮೊನ್ನೆ ಅವಳಣ್ಣನ್ನ ‘ಹಣ್ಣ’ ಅಂತ ಕರೆದಳು. ಗೌರಿ ಹಬ್ಬಕ್ಕೆ ಅವರು ಮತ್ತೆ ಬರ್ತಾರೆ. ಮಕ್ಕಳ ತಮಾಷೆ ಅಂತ ಬಿಟ್ಟುಬಿಡಲಾ?

ಮಂಡ್ಯದ ಸದಸ್ಯರು: ಅತ್ತೆ ಮಗಳು, ಮಾವನ ಮಗ ಅಂದ್ಮೇಲೆ ಗೇಲಿ ಇದ್ದದ್ದೇ ತಾಯಿ. ಆ ಸಲಿಗೆ ನಮ್ಮಲ್ಲಿ ಮೊದಲಿಂದ ಇದೆ. ದೊಡ್ಡವರು ತಲೆ ಹಾಕಿದ್ರೆ ಸಂಬಂಧ ಕೆಡುತ್ತೆ.

ಇನ್ನೊಬ್ಬರು: ಹ ಬರ್ತಿಲ್ಲ ಅಂದ್ರೆ ಸ್ಪೀಚ್ ಥೆರಪಿಗೆ ತೋರಿಸಿ, ಬೇಗ ಸರಿ ಹೋಗುತ್ತೆ.

ಮೈಸೂರಿನ ಶಾಲಾ ಆಪ್ತಸಮಾಲೋಚಕಿ: ಥೆರಪಿ ಬೇಡಮ್ಮ. ಮಗು ‘ಹಣ್ಣ’ ಅಂದಳಲ್ಲ, ಅಲ್ಲೇ ಗೊತ್ತಾಗುತ್ತೆ ಹ ಅವಳ ಬಾಯಿಗೆ ಬರುತ್ತೆ ಅಂತ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅನ್ನೋ ಭಯಕ್ಕೆ ಬೇಡದ ಕಡೆಯೂ ಹಾಕ್ತಿದ್ದಾಳೆ. ಅಣ್ಣನ್ನ ಕರೆಯೋಕೂ ಪದ ತೂಗಿ ನೋಡ್ತಿದ್ದಾಳೆ ಅಂದ್ರೆ ತಮಾಷೆಯ ಗೆರೆ ದಾಟಿ ಆಗಿದೆ.

ಮಂಡ್ಯದವರು ಹೇಳಿದ ಸಲಿಗೆ ಸುಳ್ಳಲ್ಲ. ಆದ್ರೆ ಆ ಸಲಿಗೆ ಎರಡೂ ಕಡೆಯಿಂದ ನಡೀಬೇಕು. ಅವನು ಒಂದು ಅಂದ್ರೆ ಇವಳು ಎರಡು ಅಂದು ಇಬ್ಬರೂ ನಕ್ಕು ಆಟಕ್ಕೆ ಓಡಿದ್ರೆ ನಾನೂ ಬಿಡಿ ಅಂತಿದ್ದೆ. ಇಲ್ಲಿ ಒಬ್ಬಳದ್ದೇ ಸರದಿ. ಅದರ ಮೇಲೆ ವಿಡಿಯೊ. ಬಾಯಿಮಾತು ಅಂಗಳದಲ್ಲೇ ಮುಗಿಯುತ್ತೆ, ಗ್ರೂಪಿಗೆ ಹೋದದ್ದು ಅವಳು ಗೌರವ ಕೊಡೋ ಅಜ್ಜ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರ ಮುಂದೆ ನಿಂತ ಹಾಗೆ. ಹುಡುಗರು ಮುಂದುವರಿಸಿದ್ದೂ ದೊಡ್ಡವರು ನಕ್ಕಿದ್ದಕ್ಕೇ. ಅದಕ್ಕೆ ಮೊದಲ ಮಾತು ನಿಮ್ಮದೇ ಆಗ್ಲಿ. ರಾತ್ರಿ ಮಲಗೋ ಹೊತ್ತಿಗೆ ಪಕ್ಕ ಕೂತು, ‘ಅವತ್ತು ನಾನೂ ನಕ್ಕೆ ಪುಟ್ಟಿ, ನಗಬಾರ್ದಿತ್ತು’ ಅನ್ನಿ. ಅಷ್ಟೇ ಸಾಕು, ‘ಆದ್ರೆ ಅವರೂ ಮಕ್ಕಳೇ’ ಅಂತ ಬಾಲ ಸೇರಿಸಬೇಡಿ.

ಆಮೇಲೆ ನಿಮ್ಮಣ್ಣನಿಗೆ ಹಬ್ಬಕ್ಕೆ ಮುಂಚೆಯೇ ಫೋನ್ ಮಾಡಿ, ಗ್ರೂಪಲ್ಲಿ ಬರೀಬೇಡಿ. ಮಕ್ಕಳನ್ನ ಬೈಬೇಡಿ. ಆದದ್ದು ಹೇಳಿ, ಹಿತ್ಲಿಗೆ ಎದ್ದು ಹೋಗೋದು, ‘ಹಣ್ಣ’ ಅಂದದ್ದು. ವಿಡಿಯೊ ಇಷ್ಟು ದಿನ ಆದ್ಮೇಲೆ ಎಲ್ಲರ ಫೋನಿಂದ ಒಟ್ಟಿಗೆ ಅಳಿಸೋಕಾಗಲ್ಲ, ಇಟ್ಟುಕೊಂಡವರನ್ನ ಒಬ್ಬೊಬ್ಬರಾಗಿ ಕೇಳಬೇಕು. ಹುಡುಗನ ಹತ್ರ ಅವನಪ್ಪ ಒಬ್ಬನನ್ನೇ ಕೂರಿಸಿ ಮಾತಾಡ್ಲಿ. ಎಲ್ಲರೆದುರು ಸಾರಿ ಕೇಳಿಸಬೇಡಿ, ಮಗಳು ಮತ್ತೆ ಎಲ್ಲರ ಕಣ್ಣಿಗೆ ಬೀಳ್ತಾಳೆ.

ಸದ್ಯ ನೀವೂ ಅವಳ ಹ ತಿದ್ದೋಕೆ ಹೋಗಬೇಡಿ.

ಬೆಂಗಳೂರಿನ ಸದಸ್ಯೆ: ನಂದು ಉಲ್ಟಾ ಕಥೆ ಅಕ್ಕಾ. ಅಜ್ಜಿ ಊರಲ್ಲಿ ನನ್ನ ‘ಬ್ರಾಯ್ಲರ್ ಕೋಳಿ’ ಅಂತಿದ್ರು. ಮುದ್ದೆ ನುಂಗೋಕೆ ಬರದೆ ಅಗಿದೆ ಅಂತ ಪಂಕ್ತೀಲಿ ಎಲ್ಲರೂ ತಿರುಗಿ ನೋಡಿದ್ರು. ಅಜ್ಜಿ ಎಷ್ಟು ಕರೆದ್ರೂ ಎರಡು ವರ್ಷ ರಜಕ್ಕೆ ಹೋಗಲಿಲ್ಲ. ಅಜ್ಜಿಗೆ ಕಾರಣ ಕೊನೆವರೆಗೂ ಗೊತ್ತಾಗಲಿಲ್ಲ.

ಆಪ್ತಸಮಾಲೋಚಕಿ: ಹೌದಮ್ಮ, ಪೇಟೆ ಮಕ್ಕಳಿಗೂ ಅಷ್ಟೇ ನೋವು. ಅದಕ್ಕೇ ಮಗಳಿಗೆ ‘ನೀನೂ ಅವರನ್ನ ಬ್ರಾಯ್ಲರ್ ಅನ್ನು’ ಅಂತ ಹೇಳಿಕೊಡಬೇಡಿ ಅಂತೀನಿ.

ನಿವೃತ್ತ ಕನ್ನಡ ಮೇಷ್ಟ್ರು: ಮಗುವಿಗೆ ಒಂದು ವಿಷಯ ಹೇಳಿ ತಾಯಿ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’. ಆ ಪ ಮುಂದೆ ಹ ಆಯಿತು. ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಗಳ ಮಾತು ಇನ್ನೊಂದು ಹೆಜ್ಜೆ ಹೋಗಿ ಆ ಹ ಕೂಡ ಬಿಟ್ಟಿತು. ಪಾಲ್, ಹಾಲು, ಆಲು. ಬೆಂಗಳೂರು ಹುಡುಗರ ‘ಹಾಲು’ ಕೂಡ ಒಂದು ಕಾಲಕ್ಕೆ ಹೊಸ ಉಚ್ಚಾರಣೆಯೇ. ಇದರಲ್ಲಿ ತಪ್ಪು ಅನ್ನೋದು ಎಲ್ಲೂ ಇಲ್ಲ. ಪರೀಕ್ಷೇಲಿ ಮಾತ್ರ ಹ ಬರೀಬೇಕು, ಅದು ಬರಹದ ರೂಢಿ.

ಪ್ರಶ್ನೆ ಕೇಳಿದ ತಾಯಿ: ರಾತ್ರಿ ಮಾತಾಡಿದೆ ಮೇಡಂ. ಏನೂ ಅನ್ನಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಾದ್ಮೇಲೆ ‘ಅಜ್ಜನ ಫೋನಲ್ಲಿ ಇನ್ನೂ ಇದ್ಯಾ ಅದು?’ ಅಂದಳು. ಮೇಷ್ಟ್ರ ಮಾತು ಬೆಳಗ್ಗೆ ಹೇಳಿದೆ, ಪೂ ಅಂತ ಎರಡು ಸಲ ಅಂದು ನೋಡಿದಳು. ಅಣ್ಣನಿಗೆ ಫೋನ್ ಮಾಡಿದೆ, ಅವನು ಒಪ್ಪಿದ. ಅತ್ತಿಗೆ ಮಾತ್ರ ‘ಇಷ್ಟಕ್ಕೆಲ್ಲ ಮುನಿಸಾ’ ಅಂದ್ರು. ಹಬ್ಬಕ್ಕೆ ಬರ್ತಾರೋ ಇಲ್ವೋ ತಿಳೀದು.

ಆಪ್ತಸಮಾಲೋಚಕಿ: ಇವತ್ತೇ ಅಜ್ಜನ ಫೋನ್ ಅವಳ ಕೈಗೇ ಕೊಡಿ, ಅವಳೇ ಅಳಿಸಲಿ. ಕ್ಲಾಸಲ್ಲಿ ಗಟ್ಟಿಯಾಗಿ ಪಾಠ ಓದ್ತಾಳಾ ಅಂತ ಟೀಚರ್‌ನ ವಿಚಾರಿಸಿ. ಅಲ್ಲೂ ಬಾಯಿ ಬಿಡ್ತಿಲ್ಲ ಅಂದ್ರೆ ನನಗೆ ಬರೀರಿ, ಆಗ ಬೇರೆ ಥರ ನೋಡಬೇಕಾಗುತ್ತೆ. ಅತ್ತಿಗೆ ವಿಷಯ ಅಣ್ಣನಿಗೇ ಬಿಡಿ.