ಒಂದೇ ಚೀಟಿಯಲ್ಲಿ ಎರಡು ಒ.ಡಿ.: ಅರ್ಥ ಒಂದೇನಾ?

ಎಲ್ಲರಿಗೂ ನಮಸ್ಕಾರ. ನಾನು ಡಿ.ಫಾರ್ಮ ಮೊದಲ ವರ್ಷದ ವಿದ್ಯಾರ್ಥಿನಿ. ಕಣ್ಣಿನ ಡಾಕ್ಟರೊಬ್ಬರ ಕೈಬರಹದ ಚೀಟಿಯ ಫೋಟೋ ಕೊಟ್ಟು, ರೋಗಿಗೆ ಕನ್ನಡದಲ್ಲಿ ಲೇಬಲ್ ಬರೆಯಿರಿ ಅಂದಿದ್ದಾರೆ. ನಾನು ಓದಿದ್ದು ಹೀಗೆ:

```
E/d Moxifloxacin 0.5%  1 gtt OD QID x 7/7
Tab. Pantoprazole 40   OD a.c. x 3/7
Tab. PCM 650           SOS
```

ಒ.ಡಿ. ಅಂದರೆ ದಿನಕ್ಕೊಮ್ಮೆ, ಕ್ಯು.ಐ.ಡಿ. ಅಂದರೆ ನಾಲ್ಕು ಸಲ. ಮೊದಲ ಸಾಲಿನಲ್ಲಿ ಎರಡೂ ಹೇಗೆ ಬಂದವು? 3/7 ಅಂದರೆ ವಾರಕ್ಕೆ ಮೂರು ದಿನವೇ? ಎಸ್.ಒ.ಎಸ್.ಗೆ ಕನ್ನಡದಲ್ಲಿ ಏನು ಬರೆಯೋದು?

*

3/7 ಅಂದರೆ ಒಟ್ಟು ಮೂರು ದಿನ. ಕೆಳಗೆ 7 ಇದ್ದರೆ ಲೆಕ್ಕ ದಿನದ್ದು, 52 ಇದ್ದರೆ ವಾರದ್ದು, 12 ಇದ್ದರೆ ತಿಂಗಳದ್ದು. ಒ.ಡಿ.ಗೆ ಮಾತ್ರ ಇರೋದು ಒಂದೇ ಅರ್ಥ, ದಿನಕ್ಕೊಮ್ಮೆ. ಡಾಕ್ಟರು ಮೊದಲು ಒ.ಡಿ. ಬರೆದು, ಆಮೇಲೆ ಕ್ಯು.ಐ.ಡಿ. ಸೇರಿಸಿ, ಹಳೆಯದನ್ನು ಹೊಡೆದುಹಾಕೋದು ಮರೆತಿರಬೇಕು.

*

ಮರೆತಿಲ್ಲ ಸ್ವಾಮಿ. ಇಪ್ಪತ್ತು ವರ್ಷ ಆಸ್ಪತ್ರೆ ಫಾರ್ಮಸಿಯಲ್ಲಿ ಕೂತವನು ನಾನು. ಲ್ಯಾಟಿನ್ನಿನ ಎರಡು ಬೇರೆ ಮಾತುಗಳು ಒಂದೇ ಅಕ್ಷರಕ್ಕೆ ಇಳಿದಿವೆ. ಮಾತ್ರೆಯ ಸಾಲಿನಲ್ಲಿರೋದು 'ಓಮ್ನಿ ಡಿಯೆ', ಪ್ರತಿದಿನ. ಹನಿಯ ಸಾಲಿನಲ್ಲಿರೋದು 'ಆಕ್ಯುಲಸ್ ಡೆಕ್ಸ್ಟರ್', ಬಲಗಣ್ಣು. ಎಡಗಣ್ಣಾದರೆ ಒ.ಎಸ್. ಗುರುತು ಹಿಡಿಯೋದು ಸುಲಭ: ಅದೇ ಸಾಲಿನಲ್ಲಿ ಎಷ್ಟು ಸಲ ಅಂತ ಬೇರೆಯಾಗಿ ಹೇಳಿದ್ದರೆ ಒ.ಡಿ. ಜಾಗ ಹೇಳ್ತಿದೆ. ಬರೀ ಒ.ಡಿ. ಬರೆದ ಕಣ್ಣಿನ ಹನಿಯ ಚೀಟಿ ಬಂದರೆ ಊಹೆ ಮಾಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಈ ಗೊಂದಲ ಬೇಡವೆಂದೇ ನಮ್ಮಲ್ಲಿ ಹಲವರು ಆರ್.ಇ., ಎಲ್.ಇ. ಎಂದು ಬರೆಯುತ್ತಾರೆ.

ದಿನಕ್ಕೆ ನಾಲ್ಕು ಹನಿ, ಏಳು ದಿನಕ್ಕೆ 28. ಒಂದು ಮಿ.ಲೀ.ಗೆ ಸುಮಾರು 20 ಹನಿ, ಹಾಗಾಗಿ 5 ಮಿ.ಲೀ. ಬಾಟಲಿ ಒಂದು ಧಾರಾಳ. ಪ್ಯಾಂಟೊಪ್ರಜೋಲ್ ಮೂರೇ ಮಾತ್ರೆ.

*

ಎಸ್.ಒ.ಎಸ್. ನೋಡಿ ನಮ್ಮಮ್ಮ ಹೆದರಿಬಿಟ್ಟಿದ್ದರು. ಹಡಗು ಮುಳುಗುವಾಗ ಕಳಿಸೋ ಸಂದೇಶ ತಾನೇ ಅದು! ತೀರಾ ತುರ್ತಾದಾಗ ಮಾತ್ರ ಅಂದುಕೊಂಡು ರಾತ್ರಿಯೆಲ್ಲ ನೋವು ತಿಂದರು, ಮಾತ್ರೆ ಮುಟ್ಟಲಿಲ್ಲ. ಲೇಬಲ್ಲಿನಲ್ಲಿ ದಯವಿಟ್ಟು 'ತುರ್ತು' ಅನ್ನೋ ಪದ ಹಾಕಬೇಡಿ.

*

ಹಡಗಿಗೂ ಇದಕ್ಕೂ ಸಂಬಂಧವಿಲ್ಲ ಅಮ್ಮ, 'ಸಿ ಓಪುಸ್ ಸಿಟ್', ಬೇಕೆನಿಸಿದರೆ ಅಂತ. ಹಾಗಂತ 'ಬೇಕಾದಾಗ' ಅಂತಷ್ಟೇ ಬರೆದರೆ ಗಂಟೆಗೊಂದು ನುಂಗುವವರೂ ಇದ್ದಾರೆ. ಯಾವುದಕ್ಕೆ, ಎಷ್ಟು ಅಂತರ ಬಿಟ್ಟು, ಎರಡೂ ಇರಲಿ.

*

ಎಲ್ಲರಿಗೂ ಧನ್ಯವಾದ. ನನ್ನ ಲೇಬಲ್: 'ಬಲಗಣ್ಣಿಗೆ ಒಂದು ಹನಿ, ದಿನಕ್ಕೆ 4 ಸಲ, 7 ದಿನ.' 'ದಿನಕ್ಕೆ ಒಂದು ಮಾತ್ರೆ, ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ, 3 ದಿನ.' 'ನೋವು ಅಥವಾ ಜ್ವರ ಇದ್ದರೆ ಮಾತ್ರ ಒಂದು ಮಾತ್ರೆ. ಮತ್ತೊಂದಕ್ಕೆ ಕನಿಷ್ಠ 6 ಗಂಟೆ ಬಿಡಿ.' ಪ್ಯಾರಾಸಿಟಮಾಲ್ ಎಷ್ಟು ಮಾತ್ರೆ ಕೊಡಬೇಕೆಂದು ಚೀಟಿಯಲ್ಲಿಲ್ಲ, ಆ ಜಾಗ ಖಾಲಿ ಬಿಟ್ಟು 'ಡಾಕ್ಟರನ್ನು ಕೇಳಬೇಕು' ಎಂದು ಬರೆದಿದ್ದೇನೆ. ಉಳಿದದ್ದೊಂದು: ಫೋಟೋ ದೊಡ್ಡದು ಮಾಡಿ ನೋಡಿದರೆ `a.c.` ಅನ್ನೋದರ ಮೊದಲ ಅಕ್ಷರಕ್ಕೆ ಕೆಳಗೆ ಸಣ್ಣ ಬಾಲವಿದೆ. ಅದು `p.c.` ಆಗಿದ್ದರೆ ಊಟದ ನಂತರ ಎಂದಾಗುತ್ತದೆ. ಈ ಮಾತ್ರೆಗೆ ಮುಂಚೆಯೇ ಸರಿ ಅನ್ನಿಸುತ್ತೆ, ಆದರೆ ಬಾಲ ಮಾತ್ರ ಇದೆ.